ಗಣಿತ ಉತ್ತರ ಪತ್ರಿಕೆಯ ಅಂಕಗಳ ಮರುಎಣಿಕೆ ಕೋರಿ ಮುಖ್ಯೋಪಾಧ್ಯಾಯರಿಗೆ ಪತ್ರ

ದಿನಾಂಕ: 28-10-2024
ಶಿರಸಿ

ಇವರಿಂದ,
ಶೈಲಜಾ
ಹತ್ತನೇ ತರಗತಿ ‘ಬಿ’ ವಿಭಾಗದ ಸಹನಾಳ ತಾಯಿ (ಹಾಜರಿ ಸಂಖ್ಯೆ 23)

ಇವರಿಗೆ,
ಮಾನ್ಯ ಮುಖ್ಯೋಪಾಧ್ಯಾಯರು,
ಪ್ರೌಢಶಾಲಾ ವಿಭಾಗ

ವಿಷಯ: ಅರ್ಧವಾರ್ಷಿಕ ಪರೀಕ್ಷೆಯ ಗಣಿತ ಉತ್ತರ ಪತ್ರಿಕೆಯ ಒಟ್ಟು ಅಂಕಗಳನ್ನು ಇನ್ನೊಮ್ಮೆ ಪರಿಶೀಲಿಸುವಂತೆ ಕೋರಿಕೆ.

ಮಾನ್ಯರೇ,

ದಸರಾ ರಜೆ ಮುಗಿದ ವಾರದಲ್ಲೇ ಮಕ್ಕಳ ಉತ್ತರ ಪತ್ರಿಕೆಗಳನ್ನು ಪೋಷಕರ ಸಹಿಗಾಗಿ ಮನೆಗೆ ಕಳುಹಿಸಿದ್ದೀರಿ. ಮಗಳ ಎಲ್ಲ ಪತ್ರಿಕೆಗಳನ್ನೂ ನೋಡಿದೆ. ಗಣಿತದ ಪತ್ರಿಕೆಯಲ್ಲಿ ಮಾತ್ರ ಮುಖಪುಟದ ಮೊತ್ತಕ್ಕೂ ಒಳಪುಟಗಳಲ್ಲಿ ಕೊಟ್ಟಿರುವ ಅಂಕಗಳಿಗೂ ತಾಳೆಯಾಗುತ್ತಿಲ್ಲ ಎಂದು ತೋರಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನಾನು ಕೇಳುತ್ತಿರುವುದು ಮರುಎಣಿಕೆಯನ್ನೇ ಹೊರತು ಮರುಮೌಲ್ಯಮಾಪನವನ್ನಲ್ಲ. ಯಾವ ಉತ್ತರಕ್ಕೆ ಎಷ್ಟು ಅಂಕ ಎಂಬುದು ಶಿಕ್ಷಕರ ತೀರ್ಮಾನ. ಅದರ ಬಗ್ಗೆ ನನ್ನ ಆಕ್ಷೇಪವೇನೂ ಇಲ್ಲ. ನಿಜ ಹೇಳಬೇಕೆಂದರೆ ಪತ್ರಿಕೆಯನ್ನು ತಿದ್ದಿರುವ ರೀತಿ ನೋಡಿ ಸಂತೋಷವಾಯಿತು. 27ನೇ ಪ್ರಶ್ನೆಗೆ ಅವಳ ಕೊನೆಯ ಉತ್ತರ ತಪ್ಪಾಗಿದೆ. ಆದರೂ ಸೂತ್ರ ಮತ್ತು ಮೊದಲ ಹಂತಗಳು ಸರಿ ಇವೆಯೆಂದು ಎರಡು ಅಂಕ ಕೊಟ್ಟು, ಎಲ್ಲಿ ಚಿಹ್ನೆ ತಪ್ಪಿತು ಎಂಬುದನ್ನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ತೋರಿಸಿದ್ದಾರೆ. ಎರಡು ವಿಭಾಗಗಳ ಅಷ್ಟೊಂದು ಪತ್ರಿಕೆಗಳ ನಡುವೆ ಇಷ್ಟು ಗಮನ ಕೊಡುವುದು ಸುಲಭವಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮುಖಪುಟದಲ್ಲಿ 80ಕ್ಕೆ 51 ಎಂದು ನಮೂದಾಗಿದೆ. ಅಲ್ಲಿನ ಕೋಷ್ಟಕದಲ್ಲಿರುವ ಅಂಕಗಳನ್ನು ಕೂಡಿದರೆ ಸರಿಯಾಗಿ 51 ಬರುತ್ತದೆ, ಆ ಕೂಡಿಕೆಯಲ್ಲಿ ದೋಷವಿಲ್ಲ. ಆದರೆ ಒಳಗಿನ ಕೆಲವು ಅಂಕಗಳು ಕೋಷ್ಟಕಕ್ಕೆ ಬಂದಂತಿಲ್ಲ. 31, 36 ಮತ್ತು 38ನೇ ಪ್ರಶ್ನೆಗಳ ಚೌಕಗಳು ಖಾಲಿ ಇವೆ. ಈ ಮೂರನ್ನೂ ಸಹನಾ ಬರೆದಿದ್ದಾಳೆ, ಶಿಕ್ಷಕರು ತಿದ್ದಿ ಅಂಕವನ್ನೂ ಕೊಟ್ಟಿದ್ದಾರೆ. 31ಕ್ಕೆ ಮೂರಕ್ಕೆ ಮೂರು, ನಕ್ಷೆಯ ಮೂಲಕ ಸಮೀಕರಣಗಳನ್ನು ಬಿಡಿಸುವ 36ಕ್ಕೆ ನಾಲ್ಕರಲ್ಲಿ ಎರಡು, ಪ್ರಮೇಯವನ್ನು ಸಾಧಿಸುವ 38ಕ್ಕೆ ಐದರಲ್ಲಿ ನಾಲ್ಕು. ಒಟ್ಟು 9 ಅಂಕ.

ಕಾರಣ ಊಹಿಸುವುದು ಕಷ್ಟವಲ್ಲ. ಮೂರೂ ಉತ್ತರಗಳು ಇರುವುದು ಕೊನೆಯಲ್ಲಿ ದಾರ ಕಟ್ಟಿ ಸೇರಿಸಿದ ಹೆಚ್ಚುವರಿ ಹಾಳೆ ಮತ್ತು ನಕ್ಷೆ ಹಾಳೆಗಳಲ್ಲಿ. ಮೂಲ ಪತ್ರಿಕೆಯ ಕೊನೆಯ ಪುಟದಲ್ಲಿ ಅರ್ಧ ಭಾಗ ಖಾಲಿ ಬಿಟ್ಟು ಅವಳು ಹೊಸ ಹಾಳೆಗೆ ಹೋಗಿದ್ದಾಳೆ. ಅಂಕಗಳನ್ನು ಮುಖಪುಟಕ್ಕೆ ಏರಿಸುವಾಗ ಪತ್ರಿಕೆ ಅಲ್ಲಿಗೇ ಮುಗಿಯಿತು ಎಂದು ಯಾರಿಗಾದರೂ ಅನ್ನಿಸುವಂತಿದೆ. ಮುಂದೆ ಹೆಚ್ಚುವರಿ ಹಾಳೆ ತೆಗೆದುಕೊಂಡರೆ ಹಿಂದಿನ ಪುಟದ ಕೆಳಗೆ ‘ಮುಂದಿನ ಹಾಳೆ ನೋಡಿ’ ಎಂದು ಬರೆಯಲು ಅವಳಿಗೆ ಹೇಳಿದ್ದೇನೆ.

ಇನ್ನೊಂದು ವ್ಯತ್ಯಾಸವೂ ಕಂಡಿತು. ಅದು ಅವಳಿಗೆ ಅನುಕೂಲವಾಗಿ ಆಗಿರುವುದು. 22ನೇ ಪ್ರಶ್ನೆಗೆ ಒಳಗೆ ಕೊಟ್ಟಿರುವುದು 1 ಅಂಕ, ಕೋಷ್ಟಕದಲ್ಲಿ 2 ಎಂದಿದೆ. ಅದನ್ನು ಕಳೆಯಬೇಕಾಗುತ್ತದೆ. ಒಂಬತ್ತನ್ನು ತೋರಿಸಿ ಒಂದನ್ನು ಮರೆಮಾಡುವುದು ಸರಿಯಲ್ಲವೆಂದು ಎರಡನ್ನೂ ತಮ್ಮ ಗಮನಕ್ಕೆ ತಂದಿದ್ದೇನೆ. ಮಗಳಿಗೆ ಇದು ಅಷ್ಟು ಇಷ್ಟವಾದಂತೆ ಕಾಣಲಿಲ್ಲ, ಆದರೆ ಲೆಕ್ಕವೆಂದರೆ ಎರಡೂ ಕಡೆ ನೋಡಲೇಬೇಕಲ್ಲವೇ. ಸಹಕಾರ ಸಂಘವೊಂದರಲ್ಲಿ ಜಮಾಖರ್ಚು ಬರೆಯುವ ಕೆಲಸ ನನ್ನದು. ಮೊತ್ತ ಕಂಡಲ್ಲೆಲ್ಲ ಮತ್ತೆ ಕೂಡಿ ನೋಡುವುದು ಅಭ್ಯಾಸವಾಗಿಬಿಟ್ಟಿದೆ.

ತಮ್ಮ ಪರಿಶೀಲನೆಗೆ ಅನುಕೂಲವಾಗಲೆಂದು ವಿಭಾಗವಾರು ಅಂಕಗಳನ್ನು ಇಲ್ಲಿ ಕೊಡುತ್ತಿದ್ದೇನೆ:

ಪ್ರಶ್ನೆ 1–8: ಕೋಷ್ಟಕದಲ್ಲಿ 7, ಒಳಪುಟಗಳಲ್ಲಿ 7
ಪ್ರಶ್ನೆ 9–16: ಕೋಷ್ಟಕದಲ್ಲಿ 6, ಒಳಪುಟಗಳಲ್ಲಿ 6
ಪ್ರಶ್ನೆ 17–24: ಕೋಷ್ಟಕದಲ್ಲಿ 13, ಒಳಪುಟಗಳಲ್ಲಿ 12
ಪ್ರಶ್ನೆ 25–33: ಕೋಷ್ಟಕದಲ್ಲಿ 16, ಒಳಪುಟಗಳಲ್ಲಿ 19
ಪ್ರಶ್ನೆ 34–37: ಕೋಷ್ಟಕದಲ್ಲಿ 9, ಒಳಪುಟಗಳಲ್ಲಿ 11
ಪ್ರಶ್ನೆ 38: ಕೋಷ್ಟಕದಲ್ಲಿ ಖಾಲಿ, ಒಳಪುಟದಲ್ಲಿ 4
ಒಟ್ಟು: ಕೋಷ್ಟಕದಲ್ಲಿ 51, ಒಳಪುಟಗಳಲ್ಲಿ 59

ಹೀಗಾಗಿ ಒಟ್ಟು ಅಂಕ 59 ಆಗಬೇಕಿತ್ತು ಎಂಬುದು ನನ್ನ ಎಣಿಕೆ. ಹೆಚ್ಚುವರಿ ಹಾಳೆಯ ಅಂಕಗಳನ್ನು ಬೇರೆ ಯಾವುದಾದರೂ ಕಾರಣಕ್ಕೆ ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದರೆ ಅದನ್ನು ತಿಳಿಸಿದರೆ ಸಾಕು, ಮಗಳಿಗೆ ನಾನೇ ವಿವರಿಸುತ್ತೇನೆ. ಅವಳ ಗೆಳತಿಗೆ 34ನೇ ಪ್ರಶ್ನೆಗೆ ಅರ್ಧ ಅಂಕ ಹೆಚ್ಚು ಬಂದಿದೆ ಎಂಬ ದೂರು ಕೂಡ ಮನೆಯಲ್ಲಿ ಕೇಳಿಬಂದಿತ್ತು. ಅದು ಈ ಪತ್ರದ ವಿಷಯವಲ್ಲ, ಪಕ್ಕಕ್ಕಿಟ್ಟಿದ್ದೇನೆ.

ಇದನ್ನು ನೇರವಾಗಿ ಗಣಿತ ಶಿಕ್ಷಕಿಯವರಿಗೇ ಹೇಳುವುದು ಕ್ರಮವಾಗಿತ್ತು. ಅವರು ತರಬೇತಿಗೆ ಹೋಗಿದ್ದು, ದೀಪಾವಳಿಯ ನಂತರ ಬರುತ್ತಾರೆಂದು ತಿಳಿಯಿತು. ತರಗತಿ ಶಿಕ್ಷಕರನ್ನು ಕೇಳಿದಾಗ, ಅಂಕಗಳು ಈಗಾಗಲೇ ಅಂಕವಹಿಗೆ ಏರಿರುವುದರಿಂದ ತಮ್ಮ ಒಪ್ಪಿಗೆಯಿಲ್ಲದೆ ತಿದ್ದಲು ಬರುವುದಿಲ್ಲ, ಬರವಣಿಗೆಯಲ್ಲಿ ಕೊಟ್ಟರೆ ಒಳ್ಳೆಯದು ಎಂದರು. ಶಿಕ್ಷಕಿಯವರನ್ನು ದಾಟಿ ಬಂದಿದ್ದೇನೆಂದು ದಯವಿಟ್ಟು ಭಾವಿಸಬಾರದು. ಅವರು ಬಂದ ಮೇಲೆ ಅವರ ಕೈಯಿಂದಲೇ ಪರಿಶೀಲನೆಯಾಗಲಿ ಎಂದಾದರೆ ಕಾಯಲು ನನಗೆ ತೊಂದರೆಯಿಲ್ಲ. ಮುಂದಿನ ತಿಂಗಳ ಪೋಷಕರ ಸಭೆಯೊಳಗೆ ಮುಗಿದರೆ ಉಪಕಾರವಾಗುತ್ತದೆ.

ಅರ್ಧವಾರ್ಷಿಕದ ಅಂಕಗಳು ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಸೇರುವುದಿಲ್ಲ ಎಂಬುದು ಗೊತ್ತಿದೆ. ಆದರೂ ಪತ್ರ ಬರೆಯಲು ಕಾರಣವಿದೆ. ಉತ್ತರ ಗೊತ್ತಿದ್ದರೂ ಹೆಚ್ಚುವರಿ ಹಾಳೆ ಕೇಳುವುದೇ ಬೇಡ, ಇದ್ದ ಪುಟಗಳಲ್ಲೇ ಚಿಕ್ಕದಾಗಿ ಬರೆದು ಮುಗಿಸುತ್ತೇನೆ ಎನ್ನುತ್ತಿದ್ದಾಳೆ. ಮಾರ್ಚ್‌ನಲ್ಲಿ ಪಬ್ಲಿಕ್ ಪರೀಕ್ಷೆಗೆ ಕೂರುವವಳ ತಲೆಯಲ್ಲಿ ಇಂಥ ಅಂಜಿಕೆ ಉಳಿಯುವುದು ಬೇಡ. ಸಂಜೆಯ ವಿಶೇಷ ತರಗತಿಗಳಿಗೆ ಈ ಪರೀಕ್ಷೆಯ ಅಂಕಗಳ ಆಧಾರದಲ್ಲಿ ಗುಂಪು ಮಾಡಿದ್ದೀರಿ, 55ಕ್ಕಿಂತ ಕಡಿಮೆ ಇರುವವರ ಗುಂಪಿನಲ್ಲಿ ಅವಳ ಹೆಸರಿದೆ. ಅಂಕ ತಿದ್ದುಪಡಿಯಾದರೂ ಅವಳನ್ನು ಆ ತರಗತಿಯಿಂದ ಬಿಡಿಸಬೇಕೆಂದು ನಾನು ಕೇಳುವುದಿಲ್ಲ. ರೇಖಾಗಣಿತದಲ್ಲಿ ಅವಳಿಗೆ ಆ ಅಭ್ಯಾಸದ ಅಗತ್ಯವಿದೆ.

ಉತ್ತರ ಪತ್ರಿಕೆಯನ್ನು ಈ ಪತ್ರದೊಂದಿಗೆ ಮರಳಿಸುತ್ತಿದ್ದೇನೆ. ಅದರ ಮೇಲೆ ಪೋಷಕರ ಸಹಿಯ ಜಾಗದಲ್ಲಿ ಸಹಿ ಮಾಡಿರುವುದನ್ನು ಬಿಟ್ಟರೆ ಪೆನ್ಸಿಲ್‌ನಿಂದಲೂ ಏನನ್ನೂ ಗುರುತು ಮಾಡಿಲ್ಲ. ಹಾಳೆಗಳನ್ನು ಕಟ್ಟಿದ ದಾರವನ್ನೂ ಬಿಚ್ಚಿಲ್ಲ. ಪ್ರಗತಿ ಪತ್ರಕ್ಕೆ ಸಹಿಯನ್ನು ಪರಿಶೀಲನೆಯ ನಂತರ ಮಾಡಿ ಕಳುಹಿಸಲು ಅವಕಾಶ ಕೊಡಬೇಕಾಗಿ ವಿನಂತಿ.

ಮುಖತಃ ಬರಬೇಕೆಂದರೆ ಶನಿವಾರ ಮಧ್ಯಾಹ್ನದ ನಂತರ ಅಥವಾ ಇತರ ದಿನಗಳಲ್ಲಿ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಬರಬಲ್ಲೆ. ಮಗಳ ಕೈಯಲ್ಲಿ ಒಂದು ಚೀಟಿ ಕಳುಹಿಸಿದರೂ ಸಾಕು.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಶೈಲಜಾ

ಅಡಕ:
ಗಣಿತ ಉತ್ತರ ಪತ್ರಿಕೆ (ಮೂಲ ಪ್ರತಿ, ಹೆಚ್ಚುವರಿ ಹಾಳೆ ಮತ್ತು ನಕ್ಷೆ ಹಾಳೆ ಸಹಿತ)
ಮುಖಪುಟದ ಹಾಗೂ ಹೆಚ್ಚುವರಿ ಹಾಳೆಗಳ ಛಾಯಾಪ್ರತಿ