ಪ್ರಶ್ನೆ 4: ಕ್ರೌರ್ಯ, ಪರಿತ್ಯಾಗ, ಮಧ್ಯಂತರ ಜೀವನಾಂಶ, ಮಕ್ಕಳ ಸುಪರ್ದು

ಸಮಸ್ಯೆ: ಹುಬ್ಬಳ್ಳಿಯ ಬ್ಯಾಂಕ್ ನೌಕರನ ಸಂಬಳ ತಿಂಗಳಿಗೆ 62,000 ರೂ. ಮದುವೆ 2016ರಲ್ಲಿ. ತವರಿನಿಂದ ದುಡ್ಡು ತರಲಿಲ್ಲವೆಂದು ಗಂಡ, ಅತ್ತೆ ಇಬ್ಬರೂ ಹಂಗಿಸುತ್ತಿದ್ದರು, ಎಟಿಎಂ ಕಾರ್ಡ್ ಕಿತ್ತುಕೊಂಡಿದ್ದರು. ಮಾರ್ಚ್ 2023ರ ಒಂದು ರಾತ್ರಿ ಮನೆಯಿಂದ ಹೊರಗೆ ಹಾಕಿದಾಗ ಹೆಂಡತಿ ಮಕ್ಕಳನ್ನು ಕರೆದುಕೊಂಡು ಗದಗಿನ ತವರು ಸೇರಿ, ಪೊಲೀಸ್ ದೂರು ಕೊಟ್ಟಳು. ಆ ಪ್ರಕರಣ ಬಾಕಿ ಇದೆ. ಟ್ಯೂಷನ್‌ನಿಂದ ಆಕೆಗೆ 8,000 ರೂ. ಬರುತ್ತದೆ. ನವೆಂಬರ್ 2024ರಲ್ಲಿ ಗಂಡ ಕ್ರೌರ್ಯ ಮತ್ತು ಪರಿತ್ಯಾಗದ ಆಧಾರದಲ್ಲಿ ವಿಚ್ಛೇದನ ಕೋರಿದ್ದಾನೆ. 7 ವರ್ಷದ ಮಗಳು, 3 ವರ್ಷದ ಮಗ ಇಬ್ಬರನ್ನೂ ಕೇಳಿದ್ದಾನೆ. ನಿರ್ಧರಿಸಿ.

ಉತ್ತರ:

ಪರಿತ್ಯಾಗ: ಹಿಂದೂ ವಿವಾಹ ಕಾಯ್ದೆ, 1955ರ ಕಲಂ 13(1)(ಐಬಿ) ಪ್ರಕಾರ ಅರ್ಜಿ ಸಲ್ಲಿಸುವ ಮುಂಚಿನ ಕನಿಷ್ಠ 2 ವರ್ಷ ಪರಿತ್ಯಾಗ ನಿರಂತರವಾಗಿರಬೇಕು. ಇಲ್ಲಿ ಆಗಿರುವುದು 20 ತಿಂಗಳು. ಈ ಆಧಾರ ಇಲ್ಲಿಗೇ ಬಿದ್ದುಹೋಗುತ್ತದೆ, ಆದರೂ ತಿರುಳನ್ನು ನೋಡಬೇಕು. ಬಿಪಿನ್‌ಚಂದ್ರ ವಿರುದ್ಧ ಪ್ರಭಾವತಿ (1957) ಪ್ರಕರಣದಂತೆ ಬೇರೆಯಾಗಿರುವುದರ ಜೊತೆಗೆ ಸಂಸಾರವನ್ನೇ ಶಾಶ್ವತವಾಗಿ ಮುರಿಯುವ ಉದ್ದೇಶ ಇರಬೇಕು. ಬಿಟ್ಟುಹೋಗಲು ನ್ಯಾಯವಾದ ಕಾರಣವೂ ಇರಬಾರದು. ಹೊರದಬ್ಬಿಸಿಕೊಂಡವಳಿಗೆ ಆ ಉದ್ದೇಶವನ್ನು ಆರೋಪಿಸಲಾಗದು. ಸಂಗಾತಿ ಮನೆ ಬಿಡುವಂತೆ ಮಾಡಿದವನೇ ಕಾನೂನಿನ ಕಣ್ಣಿನಲ್ಲಿ ಪರಿತ್ಯಾಗಿ. ತನ್ನ ತಪ್ಪಿನಿಂದಲೇ ಲಾಭ ಪಡೆಯಲು ಕಲಂ 23(1)(ಎ) ಬಿಡುವುದಿಲ್ಲ.

ಕ್ರೌರ್ಯ: ಗಂಡ ಆತುಕೊಂಡಿರುವುದು ಪೊಲೀಸ್ ದೂರನ್ನು ಮಾತ್ರ. ಸುಳ್ಳು ದೂರು ಮಾನಸಿಕ ಕ್ರೌರ್ಯವಾಗಬಹುದೆಂದು ಸುಪ್ರೀಂ ಕೋರ್ಟ್ ಕೆ. ಶ್ರೀನಿವಾಸ್ ವಿರುದ್ಧ ಕೆ. ಸುನೀತಾ (2014) ಪ್ರಕರಣದಲ್ಲಿ ಹೇಳಿದೆ, ನಿಜ. ಆದರೆ ವಿಚಾರಣೆ ಬಾಕಿ ಇರುವ ದೂರು ಸುಳ್ಳೆಂದು ಸಾಬೀತಾಗಿಲ್ಲ. ಹೆಂಡತಿಯ ಕಡೆ ಚಿತ್ರ ಬೇರೆ. ಸಮರ್ ಘೋಷ್ ವಿರುದ್ಧ ಜಯಾ ಘೋಷ್ (2007) ಪ್ರಕರಣದ ಪ್ರಕಾರ ದಾಂಪತ್ಯವನ್ನು ಒಟ್ಟಾರೆಯಾಗಿ ಅಳೆಯಬೇಕು. ವರ್ಷಗಟ್ಟಲೆ ಹಂಗಿಸುವುದು, ಹಣ ಕಿತ್ತುಕೊಳ್ಳುವುದು, ರಾತ್ರಿ ಹೊರಹಾಕುವುದು ಸಣ್ಣ ಜಗಳಗಳಲ್ಲ. ಕ್ರಿಮಿನಲ್ ಪ್ರಕರಣದಂತೆ ಸಂಶಯಾತೀತ ಪುರಾವೆ ಬೇಕಿಲ್ಲ (ದಾಸ್ತಾನೆ ವಿರುದ್ಧ ದಾಸ್ತಾನೆ, 1975). ಆದ್ದರಿಂದ ಗಂಡನ ಅರ್ಜಿ ವಜಾ. ಆಕೆಗೇ ವಿಚ್ಛೇದನ ಬೇಕಿದ್ದರೆ ಕಲಂ 23ಎ ಅಡಿ ಪ್ರತಿ-ಹಕ್ಕು ಮಂಡಿಸಬಹುದು.

ಮಧ್ಯಂತರ ಜೀವನಾಂಶ: ತಪ್ಪು ಯಾರದೆಂಬ ತೀರ್ಮಾನಕ್ಕೆ ಇದು ಕಾಯುವುದಿಲ್ಲ. ಕಲಂ 24ರಲ್ಲಿ ನೋಡುವುದು ಇಬ್ಬರ ಆದಾಯ, ಆಕೆಯ ನಿರ್ವಹಣೆ ಮತ್ತು ದಾವೆಯ ಖರ್ಚು. 8,000 ರೂ. ಗಳಿಕೆ ಸಾಕಾಗದು, ಅದೇ ಕಾರಣಕ್ಕೆ ಅರ್ಜಿ ತಳ್ಳುವಂತಿಲ್ಲ. ರಜನೀಶ್ ವಿರುದ್ಧ ನೇಹಾ (2020) ಪ್ರಕರಣದಂತೆ ಇಬ್ಬರೂ ಆಸ್ತಿ-ಸಾಲದ ಪ್ರಮಾಣಪತ್ರ ಕೊಡಬೇಕು, ಜೀವನಾಂಶ ಅರ್ಜಿಯ ದಿನದಿಂದ ಸಿಗಬೇಕು. ಮಕ್ಕಳ ಶಾಲಾ ಖರ್ಚಿಗೆ ಕಲಂ 26 ಇದೆ. ನನ್ನ ಅಂದಾಜಿನಲ್ಲಿ ಎಲ್ಲ ಸೇರಿ 20,000 ರೂ. ನ್ಯಾಯಯುತ.

ಸುಪರ್ದು: ತಂದೆ ಸಹಜ ಪೋಷಕ, ಆದರೆ ಅದರಿಂದಲೇ ಸುಪರ್ದು ಬರುವುದಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ ಕಲಂ 6(ಎ) ಪ್ರಕಾರ 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಮಗಳಿಗೆ ಆ ನಿಯಮ ಅನ್ವಯಿಸದು. ಅವಳ ವಿಷಯದಲ್ಲಿ ಅದೇ ಕಾಯ್ದೆಯ ಕಲಂ 13ರ ಪ್ರಕಾರ ಮಗುವಿನ ಕ್ಷೇಮವೇ ಮುಖ್ಯ. ಗದಗಿನ ಶಾಲೆಗೆ ಹೊಂದಿಕೊಂಡಿರುವ ಅವಳನ್ನು ತಮ್ಮನಿಂದ ಅಗಲಿಸಲು ಕಾರಣವಿಲ್ಲ. ಇಬ್ಬರೂ ತಾಯಿಯ ಬಳಿ ಇರಲಿ; ತಂದೆಗೆ ವಾರಕ್ಕೊಮ್ಮೆ ಭೇಟಿ, ಶಾಲಾ ರಜೆಯಲ್ಲಿ ಕೆಲವು ದಿನ. ಪರಿಸ್ಥಿತಿ ಬದಲಾದರೆ ಈ ಆದೇಶವನ್ನು ಹಿಂದೂ ವಿವಾಹ ಕಾಯ್ದೆಯ ಕಲಂ 26ರಡಿ ಮಾರ್ಪಡಿಸಬಹುದು.