ಬಿಂದಿ

ಆ ಹಳದಿ ದೀಪ ಹೊತ್ತಿಕೊಂಡು ಅಂದಿಗೆ ಒಂಬತ್ತು ದಿನ. ಕುದುರೆ ಲಾಳದಂಥ ಗೆರೆ, ನಡುವೆ ಒಂದು ಉದ್ಗಾರ ಚಿಹ್ನೆ. ಮೊದಲ ದಿನ ಸಿಂಧು ಕಾರಿನಿಂದ ಇಳಿದು ನಾಲ್ಕೂ ಟೈರುಗಳನ್ನು ಒದ್ದು ನೋಡಿದ್ದಳು. ನಾಲ್ಕೂ ಗಟ್ಟಿಯಾಗಿಯೇ ಇದ್ದವು. ಗಾಳಿ 33 ಇದೆಯೋ 24ಕ್ಕೆ ಇಳಿದಿದೆಯೋ, ಒದ್ದ ಕಾಲಿಗೆ ಹೇಗೆ ತಿಳಿಯಬೇಕು? ಎರಡನೇ ದಿನ ಪೆಟ್ರೋಲ್ ಬಂಕಿನಲ್ಲಿ ಗಾಳಿಗೆ ಸಾಲು ಉದ್ದವಿತ್ತು. ಮೂರನೇ ದಿನ ಮಳೆ. ಐದನೇ ದಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ, ತನ್ನನ್ನೇ ದುರುಗುಟ್ಟುತ್ತಿದ್ದ ಆ ದೀಪದ ಮೇಲೆ ಹಣೆಯ ಬಿಂದಿ ಕಿತ್ತು ಅಂಟಿಸಿಬಿಟ್ಟಳು. ಮರೂನ್ ಬಣ್ಣದ್ದು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಕಾರು ಅಪ್ಪನದು. ಮಂಡಿ ನೋವು ಹೆಚ್ಚಾದ ಮೇಲೆ ಕೀಲಿ ಅವಳ ಕೈಗೆ ಬಂದಿತ್ತು. ಕೊಡುವಾಗ ಅಪ್ಪ ಹೇಳಿದ್ದು ಒಂದೇ ಮಾತು: "ಭಾನುವಾರ ಭಾನುವಾರ ಗಾಳಿ ನೋಡಿಸು. ಸ್ಟೆಪ್ನಿಯದೂ."

ಬೆಳ್ಳಂದೂರಿನ ಕಚೇರಿಯಿಂದ ಹೊರಟಾಗ ಹನ್ನೊಂದು ಗಂಟೆ. ಆ ಹೊತ್ತಿಗೆ ರಿಂಗ್ ರಸ್ತೆ ಬೇರೆಯದೇ ಊರಿನದು ಎನ್ನುವಂತೆ ಖಾಲಿ. ಬನಶಂಕರಿ ದಾಟಿದ ಮೇಲೆ ಸ್ಟಿಯರಿಂಗ್ ಎಡಕ್ಕೆ ಎಳೆಯತೊಡಗಿತು. ಬೆಂಗಳೂರಿನಲ್ಲಿ ಕಾರು ಅಲುಗಾಡಿದರೆ ಯಾರಿಗೂ ಮೊದಲು ಕಾರಿನ ಮೇಲೆ ಅನುಮಾನ ಬರುವುದಿಲ್ಲ. ಅವಳೂ ರಸ್ತೆಯನ್ನೇ ಬೈದುಕೊಂಡು ಹಾಡಿನ ಸದ್ದು ಏರಿಸಿದಳು. ಕತ್ರಿಗುಪ್ಪೆಯ ಹತ್ತಿರ ಹಾಡಿನೊಳಗೆ ಇಲ್ಲದ ತಾಳವೊಂದು ಕೇಳಿಸಿತು. ಪಟ್, ಪಟ್, ಪಟ್. ಇನ್ನು ಸ್ವಲ್ಪ ದೂರ, ನಾಯಂಡಹಳ್ಳಿ ದಾಟಿದರೆ ಮನೆ ಬಂದಂತೆಯೇ ಎಂದುಕೊಂಡಳು. ಹೊಸಕೆರೆಹಳ್ಳಿ ದಾಟುವಷ್ಟರಲ್ಲಿ ತಾಳ ನಿಂತು, ಕಬ್ಬಿಣ ಡಾಂಬರನ್ನು ಕೆರೆಯುವ ಸದ್ದು ಶುರುವಾಯಿತು.

ಬಾಗಿಲು ಹಾಕಿದ್ದ ಗ್ರಾನೈಟ್ ಅಂಗಡಿಯೊಂದರ ಮುಂದೆ ಕಾರು ನಿಂತಿತು. ಇಂಡಿಕೇಟರುಗಳು ನಾಲ್ಕೂ ಮಿನುಗುತ್ತಿದ್ದವು. ಇಳಿಯದೆ ಬಾಗಿಲುಗಳನ್ನು ಲಾಕ್ ಮಾಡಿಕೊಂಡು, ಅಪ್ಪನಿಗೆ ಮೆಸೇಜು ಕಳಿಸಿದಳು: 'ಮೀಟಿಂಗ್ ಮುಗಿದಿಲ್ಲ. ತಡವಾಗುತ್ತದೆ, ಮಲಗಿ.' ಬೈಕೊಂದು ನಿಧಾನವಾಯಿತು. ಹಿಂದೆ ಕೂತಿದ್ದವನು ಬಗ್ಗಿ ಒಳಗೆ ನೋಡಿದ. ಮೊಬೈಲಿನಲ್ಲಿ 112 ಒತ್ತಿ, ಕರೆಯ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತಳು. ಬೈಕು ಹೋಯಿತು. ಬೆರಳು ಅಲ್ಲೇ ಇತ್ತು.

ಆಮೇಲೆ ನಿಂತದ್ದು ಒಂದು ಲಗೇಜ್ ಆಟೊ, ಹಿಂದೆ ತರಕಾರಿಯ ಖಾಲಿ ಕ್ರೇಟುಗಳು. ಚಾಲಕನ ಪಕ್ಕದಿಂದ ಇಳಿದು ಬಂದ ಹೆಂಗಸು ಗಾಜು ತಟ್ಟಿದಳು. "ಹೆದರಬೇಡಮ್ಮ, ಇವರು ನಮ್ಮ ಯಜಮಾನರು. ಸ್ಟೆಪ್ನಿ ಇದೆಯಾ?"

ಸಿಂಧು ಬಾಗಿಲು ತೆಗೆದಳು.

ಯಜಮಾನರು ಸೀದಾ ಟೈರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಹೆಂಗಸು ಮೊಬೈಲ್ ಬೆಳಕು ಹಿಡಿದಳು. ಟೈರಿನ ಪಕ್ಕೆ ಸುಲಿದು ನೂಲು ಹೊರಬಂದಿತ್ತು. ಮುಟ್ಟಿದರೆ ಬಿಸಿ. ಒಳಗಿನ ರಬ್ಬರು ರಾಗಿ ಹಿಟ್ಟಿನಂತೆ ಪುಡಿಪುಡಿಯಾಗಿ ಉದುರಿತು. ಮೇಲ್ಮೈಯಲ್ಲಿ ಒಂದು ಮೊಳೆ. ರಸ್ತೆಗೆ ಉಜ್ಜಿ ಉಜ್ಜಿ ಅದರ ತಲೆ ಬೆಳ್ಳಿಯ ಗುಂಡಿಯಂತೆ ಹೊಳೆಯುತ್ತಿತ್ತು.

"ಇದು ಇವತ್ತು ಹೊಕ್ಕ ಮೊಳೆಯಲ್ಲ," ಎಂದರು ಅವರು. "ದಿನವೂ ಇಷ್ಟಿಷ್ಟೇ ಗಾಳಿ ಬಿಟ್ಟಿದೆ. ಆಗಲೇ ತೋರಿಸಿದ್ದರೆ ಬರೀ ಪಂಚರ್. ಗಾಳಿ ಇಲ್ಲದೆ ಓಡಿಸಿದ್ದೀರಿ, ಈಗ ಟೈರೇ ಹೋಯಿತು. ದೀಪಗೀಪ ಏನೂ ಬರಲಿಲ್ಲವೇ ಅಮ್ಮ, ಇಂಥ ಕಾರಿನಲ್ಲಿ?"

"ಇಲ್ಲ ಅಣ್ಣ," ಎಂದಳು ಸಿಂಧು.

ಜಾಕ್ ಎತ್ತಲು ಹೋದವಳನ್ನು ಅವರು ತಡೆದರು. "ಮೊದಲು ನಟ್ಟು ಸಡಿಲ ಮಾಡಬೇಕು. ಚಕ್ರ ಮೇಲೆದ್ದರೆ ತಿರುಗಿಕೊಂಡೇ ಹೋಗುತ್ತದೆ." ಸ್ಪ್ಯಾನರಿನ ಹಿಡಿಕೆಯ ಮೇಲೆ ಅವಳು ಕಾಲಿಟ್ಟು ತೂಕ ಬಿಟ್ಟಾಗ ನಟ್ಟು ಕಿರ್ರೆಂದು ಜಗ್ಗಿತು. ಉಳಿದವನ್ನು ಅವರೇ ಬಿಚ್ಚಿದರು. ಸ್ಟೆಪ್ನಿ ಹಾಕಿ ಜಾಕ್ ಇಳಿಸಿದರೆ ಅದೂ ಅರ್ಧ ಕೂತಿತು. ಮೂವರೂ ಅದನ್ನೇ ನೋಡುತ್ತಾ ನಿಂತರು.

"ಮೆಲ್ಲಗೆ ಹೋಗಿ, ಸಿಕ್ಕ ಮೊದಲ ಬಂಕಿನಲ್ಲಿ ಗಾಳಿ ಹಿಡಿಸಿ," ಎಂದ ಅವರು ಹಣ ಮುಟ್ಟಲಿಲ್ಲ. ಬಂಕ್ ಸಿಗುವವರೆಗೆ ಆಟೊ ಅವಳ ಹಿಂದೆಯೇ ಬಂದಿತು.

ಮನೆ ಸೇರಿದಾಗ ಒಂದೂವರೆ. ಅಪ್ಪ ಜಗಲಿಯಲ್ಲಿ ಕೂತಿದ್ದರು.

"ಮುಗಿಯಿತೇ ಮೀಟಿಂಗು?"

"ಹೂಂ."

ಅಪ್ಪ ಅವಳ ಕೈಗಳನ್ನು ನೋಡಿದರು. ಮೊಣಕೈವರೆಗೂ ಮಸಿ. "ಸೋಪಿಗೆ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜು," ಎಂದು ಮಲಗಲು ಹೋದರು.

ಬೆಳಿಗ್ಗೆ ತಡವಾಗಿ ಎದ್ದು ಬಚ್ಚಲಿಗೆ ಹೋದಳು. ಕನ್ನಡಿಯ ಅಂಚಿನಲ್ಲಿ ಅಮ್ಮ ಅಂಟಿಸಿಟ್ಟ ಕೆಂಪು ಬಿಂದಿಗಳ ಸಾಲಿನ ಕೊನೆಗೆ, ಕೊಂಚ ಸೊಟ್ಟಗೆ, ಒಂದು ಮರೂನ್ ಬಿಂದಿ ಇತ್ತು. ಹೊರಗೆ ಮೊಳೆಯಲ್ಲಿ ಕಾರಿನ ಕೀಲಿ ಇರಲಿಲ್ಲ.