ಡಾ. ವಸುಂಧರಾ ಅವರ ಪರಿಚಯ: ಹಾಸನದ ನಮ್ಮ ಬಡಾವಣೆಯ ಆರೋಗ್ಯ ಅರಿವು ಕಾರ್ಯಕ್ರಮದಲ್ಲಿ ಮಾಡಿದ ಭಾಷಣ

ವೇದಿಕೆಯ ಮೇಲಿರುವ ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರೇ, ಇಂದಿನ ಅತಿಥಿಗಳಾದ ಡಾ. ವಸುಂಧರಾ ಅವರೇ, ಸಂಘದ ಪದಾಧಿಕಾರಿಗಳೇ, ಭಾನುವಾರದ ತಿಂಡಿಯನ್ನು ಎಂದಿಗಿಂತ ಬೇಗ ಮುಗಿಸಿಕೊಂಡು ಈ ಸಮುದಾಯ ಭವನಕ್ಕೆ ಬಂದಿರುವ ಹಿರಿಯರೇ, ತಾಯಂದಿರೇ, ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಸೆಪ್ಟೆಂಬರ್ 29 ವಿಶ್ವ ಹೃದಯ ದಿನ. ಅದರ ನೆಪದಲ್ಲಿ ಹೃದಯ, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಬಗ್ಗೆ ಬಲ್ಲವರೊಬ್ಬರಿಂದ ಒಂದು ಗಂಟೆ ಕೇಳಿಸಿಕೊಳ್ಳಬೇಕೆಂದು ಸಂಘದ ಸಭೆಯಲ್ಲಿ ತೀರ್ಮಾನವಾದಾಗ, ಯಾರನ್ನು ಕರೆಯಬೇಕು ಎಂಬ ಚರ್ಚೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅತಿಥಿಗಳನ್ನು ಪರಿಚಯಿಸುವ ಕೆಲಸವನ್ನು ನನಗೆ ವಹಿಸಿದ್ದಾರೆ. ಮೂವತ್ತು ವರ್ಷ ಪಾಠ ಹೇಳಿದವನ ಕೈಗೆ ಮೈಕು ಕೊಡುವುದು ಅಪಾಯವೆಂದು ಅಧ್ಯಕ್ಷರಿಗೆ ಗೊತ್ತು. ಅದಕ್ಕಾಗಿ ಅವರು ನನ್ನೆದುರೇ ಗಡಿಯಾರವಿಟ್ಟು ಕುಳಿತಿದ್ದಾರೆ.

2025ರ ಜೂನ್, ಜುಲೈ ತಿಂಗಳುಗಳನ್ನು ಹಾಸನದವರು ಯಾರೂ ಮರೆತಿರಲಾರರು. ದಿನಕ್ಕೊಂದು ಹೃದಯಾಘಾತದ ಸುದ್ದಿ, ಅದರಲ್ಲೂ ಚಿಕ್ಕ ವಯಸ್ಸಿನವರ ಸಾವಿನ ಸುದ್ದಿ, ಮೊಬೈಲಿನಿಂದ ಮೊಬೈಲಿಗೆ ಹರಿದಾಡಿ ಜಿಲ್ಲೆಗೆ ಜಿಲ್ಲೆಯೇ ಎದೆ ಮುಟ್ಟಿ ನೋಡಿಕೊಳ್ಳುವಂತಾಯಿತು. ಹೊರ ಊರುಗಳಲ್ಲಿರುವ ಮಕ್ಕಳು ರಾತ್ರೋರಾತ್ರಿ ಫೋನು ಮಾಡಿ 'ಅಪ್ಪಾ, ನೀವು ಚೆನ್ನಾಗಿದ್ದೀರಿ ತಾನೇ?' ಎಂದು ಕೇಳಿದರು. ತಪಾಸಣೆಗೆಂದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತವರಲ್ಲಿ ನಮ್ಮ ಬಡಾವಣೆಯವರೂ ಇದ್ದರು; ಅವರಲ್ಲಿ ನಾನೂ ಒಬ್ಬ. ಆಮೇಲೆ ಸರ್ಕಾರ ನೇಮಿಸಿದ ತಜ್ಞರ ಸಮಿತಿ ಸಾವುಗಳನ್ನು ಪರಿಶೀಲಿಸಿ, ಹಿಂದಿಗೆ ಹೋಲಿಸಿದರೆ ಅಸಹಜವಾದ ಏರಿಕೆ ಕಂಡುಬಂದಿಲ್ಲ ಎಂದು ವರದಿ ಕೊಟ್ಟಿತು. ಆದರೆ ಮನಸ್ಸಿಗೆ ಹೊಕ್ಕ ಭಯ ವರದಿ ಓದಿ ಹೊರಡುವಂಥದ್ದಲ್ಲ.

ಆ ಭಯದ ದಿನಗಳಲ್ಲೇ ನಾನು ಡಾ. ವಸುಂಧರಾ ಅವರ ಚಿಕಿತ್ಸಾಲಯಕ್ಕೆ ಮೊದಲ ಬಾರಿಗೆ ಹೋದದ್ದು. ಕೈಯಲ್ಲಿ ಇಸಿಜಿ, ಎಕೋ, ಟ್ರೆಡ್‌ಮಿಲ್ ಪರೀಕ್ಷೆಗಳ ವರದಿಗಳ ದಪ್ಪ ಕಡತವಿತ್ತು. ಅವರು ಕಡತವನ್ನು ಪಕ್ಕಕ್ಕಿಟ್ಟು, 'ಮೇಷ್ಟ್ರೇ, ಮೊದಲು ಆ ಸ್ವೆಟರ್ ತೆಗೆದು ಕೂತ್ಕೊಳ್ಳಿ' ಎಂದರು. ಬೆನ್ನು ಕುರ್ಚಿಗೆ ಒರಗಬೇಕು, ಕಾಲ ಮೇಲೆ ಕಾಲು ಹಾಕಬಾರದು, ಪಾದಗಳೆರಡೂ ನೆಲದ ಮೇಲಿರಬೇಕು, ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕಿರಬೇಕು, ಐದು ನಿಮಿಷ ಮಾತಾಡಬಾರದು. ಕೊನೆಯ ಷರತ್ತು ನನಗೆ ಕಷ್ಟವಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಹತ್ತು ವರ್ಷಗಳಿಂದ ನಾನು ಬಿ.ಪಿ. ನೋಡಿಸಿಕೊಳ್ಳುತ್ತಿದ್ದೇನೆ, ಮೆಟ್ಟಿಲು ಹತ್ತಿ ಬಂದ ಏದುಸಿರಿನಲ್ಲಿ, ಸ್ವೆಟರಿನ ತೋಳಿನ ಮೇಲೇ ಪಟ್ಟಿ ಸುತ್ತಿಸಿಕೊಂಡು, ಪಕ್ಕದವರೊಂದಿಗೆ ರಾಜಕೀಯ ಮಾತಾಡುತ್ತಾ ನೋಡಿಸಿಕೊಂಡದ್ದೇ ಹೆಚ್ಚು. ಹಾಗೆ ಬಂದ ಅಂಕಿಯನ್ನು ನಂಬುವುದು ಹೇಗೆ ಎಂದು ಕೇಳಿದವರು ಅವರೇ ಮೊದಲು.

ಆಮೇಲೆ ಮಾತ್ರೆಯ ವಿಚಾರ ಬಂತು. ಒತ್ತಡ 120/80ಕ್ಕೆ ಬಂದಿದೆಯೆಂದು ಖುಷಿಪಟ್ಟು ಎರಡು ತಿಂಗಳ ಹಿಂದೆ ನಾನೇ ಮಾತ್ರೆ ನಿಲ್ಲಿಸಿದ್ದೆ. ಅದನ್ನು ಹೆಮ್ಮೆಯಿಂದಲೇ ಹೇಳಿದೆ. ಅವರು ಗದರಲಿಲ್ಲ. 'ಮಳೆಯಲ್ಲಿ ಕೊಡೆ ಹಿಡಿದು ನಡೆಯುವಾಗ ಮೈ ಒದ್ದೆಯಾಗಲಿಲ್ಲ ಅಂತ ನಡುದಾರಿಯಲ್ಲಿ ಕೊಡೆ ಮಡಚುತ್ತೀರಾ?' ಎಂದು ಕೇಳಿದರು. ಅಂದಿನಿಂದ ಆ ಮಾತ್ರೆಯನ್ನು ನಾನಾಗಿ ಬಿಟ್ಟಿಲ್ಲ. ಈ ಸಭೆಯಲ್ಲಿ ಕೊಡೆ ಮಡಚಿದವರು ಇನ್ನೂ ಹಲವರಿದ್ದಾರೆಂದು ನನಗೆ ಖಚಿತವಾಗಿ ಗೊತ್ತು. ವಾಯುವಿಹಾರದಲ್ಲಿ ಅವರೇ ನನಗೆ ಹೇಳಿದ್ದಾರೆ, ಹೆಸರು ಹೇಳುವುದಿಲ್ಲ.

ಅವರ ಹುಟ್ಟೂರು ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆಯ ಒಂದು ಹಳ್ಳಿ. ಮನೆಯಲ್ಲಿ ಬೆಳೆಯುತ್ತಿದ್ದದ್ದು ಹೊಗೆಸೊಪ್ಪು. ಬ್ಯಾರನ್ನಿನ ಬಿಸಿಯ ಮುಂದೆ ರಾತ್ರಿಯಿಡೀ ಎಚ್ಚರವಿದ್ದು ಸೊಪ್ಪು ಹದ ಮಾಡುತ್ತಿದ್ದ ತಂದೆ, ಅದೇ ದುಡ್ಡಿನಲ್ಲಿ ಮಗಳನ್ನು ಮೈಸೂರು ವೈದ್ಯಕೀಯ ಕಾಲೇಜಿನವರೆಗೆ ಓದಿಸಿದರು. 'ತಂಬಾಕು ಬಿಡಿ ಎಂದು ರೋಗಿಗೆ ಹೇಳುವಾಗ ನನ್ನ ಫೀಸು ಕಟ್ಟಿದ್ದು ಅದೇ ಎಂಬುದು ನೆನಪಿರುತ್ತದೆ, ಹಾಗಾಗಿ ನಾನು ಯಾರಿಗೂ ಬೈಯುವುದಿಲ್ಲ' ಎಂದು ಅವರು ಒಮ್ಮೆ ಹೇಳಿದ್ದರು. ಇದನ್ನು ಸಭೆಯಲ್ಲಿ ಹೇಳಬಹುದೇ ಎಂದು ಕೇಳಿ, ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಊರಿನ ಕನ್ನಡ ಶಾಲೆಯಲ್ಲಿ ಓದಿದವರು ಎಂಬುದನ್ನು ಮೇಷ್ಟ್ರಾಗಿ ನಾನು ಸ್ವಲ್ಪ ಒತ್ತಿಯೇ ಹೇಳುತ್ತೇನೆ. ಎಂ.ಬಿ.ಬಿ.ಎಸ್. ಆದ ಮೇಲೆ ಸಾಮಾನ್ಯ ವೈದ್ಯಶಾಸ್ತ್ರದಲ್ಲಿ ಎಂ.ಡಿ. ಮುಗಿಸಿ ಸರ್ಕಾರಿ ಸೇವೆಗೆ ಸೇರಿದರು. ಒಟ್ಟು ಇಪ್ಪತ್ತನಾಲ್ಕು ವರ್ಷಗಳ ಸೇವೆಯಲ್ಲಿ ಹೆಚ್ಚಿನ ಪಾಲು ಕಳೆದದ್ದು ಸಕಲೇಶಪುರ ತಾಲ್ಲೂಕಿನಲ್ಲಿ.

ಸಕಲೇಶಪುರದ ವರ್ಷಗಳ ಬಗ್ಗೆ ಅವರು ಹೇಳಿದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಮುಂಗಾರಿನ ಒಂದು ರಾತ್ರಿ ತೋಟದ ಕೆಲಸಗಾರರೊಬ್ಬರನ್ನು ಜೀಪಿನಲ್ಲಿ ಮಲಗಿಸಿ ತಂದರು. ಮಧ್ಯಾಹ್ನದಿಂದಲೇ ಎದೆ ಉರಿಯುತ್ತಿತ್ತಂತೆ. ಗ್ಯಾಸ್ಟ್ರಿಕ್ ಇರಬೇಕೆಂದು ಮೊದಲು ಜೀರಿಗೆ ಕಷಾಯ, ಆಮೇಲೆ ಸೋಡಾ, ಆಮೇಲೆ ಅಂಗಡಿಯ ಮಾತ್ರೆ ಆಗಿ, ಬೆವರು ಸುರಿದು ಎಡಗೈ ಸೋತ ಮೇಲೆಯೇ ಆಸ್ಪತ್ರೆಯ ನೆನಪಾದದ್ದು. ಆ ಕಾಲಕ್ಕೆ ತಾಲ್ಲೂಕು ಮಟ್ಟದಲ್ಲಿ ಮಾಡಬಹುದಾದದ್ದು ಕಡಿಮೆ. ಸುಮಾರು ನಲವತ್ತು ಕಿಲೋಮೀಟರ್ ದೂರದ ಹಾಸನಕ್ಕೆ ಮಳೆಯ ರಸ್ತೆಯಲ್ಲಿ ಕಳುಹಿಸಬೇಕು. ಆಂಬುಲೆನ್ಸಿನಲ್ಲಿ ರೋಗಿಯ ಜೊತೆ ಅವರೇ ಹೊರಟರು. ಆ ಮನುಷ್ಯ ಉಳಿದರು. ಇಂದಿಗೂ ಪ್ರತಿ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ಒಂದು ಚೀಲ ಕಿತ್ತಳೆ ಹೊತ್ತು ಡಾಕ್ಟ್ರಮ್ಮನ ಮನೆಗೆ ಬರುತ್ತಾರೆ. ಹಾಗೆ ಬಾರದವರ ಲೆಕ್ಕವೂ ತಮ್ಮ ಬಳಿ ಇದೆ ಎಂದು ಅವರು ಹೇಳಿದಾಗ ನಾನು ಮುಂದೆ ಕೇಳಲಿಲ್ಲ.

ಈಗ ಪರಿಸ್ಥಿತಿ ಬದಲಾಗಿದೆ. ಡಾ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದಲ್ಲಿರುವ ತಜ್ಞರಿಗೆ ತೋರಿಸಿ, ಹೃದಯಾಘಾತವೆಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಆದರೆ ಆ ಚುಚ್ಚುಮದ್ದು ನಮ್ಮ ಅಡುಗೆಮನೆಯ ಕಷಾಯ ಮುಗಿಯುವವರೆಗೆ ಕಾಯುವುದಿಲ್ಲ. ಯಾವ ಎದೆನೋವಿಗೆ ಕಾಯಬಹುದು, ಯಾವುದಕ್ಕೆ ತಕ್ಷಣ 108ಕ್ಕೆ ಕರೆ ಮಾಡಬೇಕು ಎಂಬುದನ್ನು ಅವರ ಬಾಯಲ್ಲೇ ಕೇಳಿ; ನಾನು ಅರ್ಧಂಬರ್ಧ ಹೇಳಿ ನಿಮ್ಮನ್ನು ಗೊಂದಲಕ್ಕೆ ದೂಡುವುದಿಲ್ಲ.

ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ ಅವರು ಹಾಸನದಲ್ಲಿ ನೆಲೆಸಿ, ಸಾಲಗಾಮೆ ರಸ್ತೆಯ ಕಡೆ ಒಂದು ಪುಟ್ಟ ಕೋಣೆಯಲ್ಲಿ ಸಂಜೆಯ ಹೊತ್ತು ರೋಗಿಗಳನ್ನು ನೋಡುತ್ತಾರೆ. ಅಲ್ಲಿ ಕಾಯುವುದು ಕಡ್ಡಾಯ. ಒಬ್ಬೊಬ್ಬರನ್ನೂ ಅಷ್ಟು ಹೊತ್ತು ಮಾತಾಡಿಸಿದರೆ ಸಾಲು ಸರಿಯುವುದಾದರೂ ಹೇಗೆ ಎಂದು ಗೊಣಗಿದವರಲ್ಲಿ ನಾನೂ ಇದ್ದೇನೆ. ನನ್ನ ಸರದಿ ಬಂದಾಗ ಮಾತ್ರ ಆ ಗೊಣಗಾಟ ಮರೆತುಹೋಗುತ್ತದೆ. ಅವರು ಕೇಳುವ ಪ್ರಶ್ನೆಗಳು ಯಾವ ಪರೀಕ್ಷೆಯ ವರದಿಯಲ್ಲೂ ಇರುವುದಿಲ್ಲ. ರಾತ್ರಿ ಎಷ್ಟು ಸಲ ಏಳುತ್ತೀರಿ, ಮುದ್ದೆ ಎಷ್ಟು ದೊಡ್ಡದು, ಮಗ ಫೋನು ಮಾಡಿ ಎಷ್ಟು ದಿನವಾಯಿತು, ಹೀಗೆ.

ಅವುಗಳಲ್ಲಿ ನನ್ನ ಮನೆಯಲ್ಲಿ ಕೋಲಾಹಲ ಎಬ್ಬಿಸಿದ್ದು ಉಪ್ಪಿನ ಪ್ರಶ್ನೆ. 'ನಿಮ್ಮ ಮನೆಯಲ್ಲಿ ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಎಷ್ಟು ದಿನ ಬರುತ್ತದೆ?' ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ; ಜೊತೆಗೆ ಬಂದಿದ್ದ ನನ್ನ ಪತ್ನಿ, ತಿಂಗಳಿಗೆ ಒಂದು ಬೇಕೇ ಬೇಕು ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೊಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ ಎಂದರೂ ಒಂದು ಕಿಲೋ ಐವತ್ತು ದಿನ ಬರಬೇಕು. ನಮ್ಮದು ಇಬ್ಬರೇ ಇರುವ ಮನೆ. ಅದರ ಮೇಲೆ ಅಂಗಡಿಯಿಂದ ತರುವ ಹಪ್ಪಳ, ಖಾರ, ಬಿಸ್ಕತ್ತುಗಳಲ್ಲಿರುವ ಉಪ್ಪು ಈ ಲೆಕ್ಕಕ್ಕೆ ಬಂದೇ ಇಲ್ಲ. 'ಉಪ್ಪಿನಕಾಯಿ ಹಾಕುವುದಕ್ಕೂ ಅದರಲ್ಲೇ ತೆಗೆಯುತ್ತೇನೆ' ಎಂದು ನನ್ನ ಪತ್ನಿ ಸಮಜಾಯಿಷಿ ಕೊಟ್ಟರು. 'ಆ ಉಪ್ಪಿನಕಾಯಿಯನ್ನು ಅಕ್ಕಪಕ್ಕದವರು ತಿನ್ನುತ್ತಾರೋ?' ಎಂದು ಡಾಕ್ಟ್ರಮ್ಮ ಕೇಳಿದರು. ಈಗ ನಮ್ಮ ಅಡುಗೆಮನೆಯಲ್ಲಿ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಿಂದ ತಾರೀಕು ಬರೆಯುತ್ತೇವೆ. ಸದ್ಯ ನಲವತ್ತೈದನೆಯ ದಿನ ನಡೆಯುತ್ತಿದೆ. ಸಾರು ಸಪ್ಪೆ ಎಂಬ ದೂರು ಮಾತ್ರ ಇನ್ನೂ ಬಗೆಹರಿದಿಲ್ಲ.

ಹೃದ್ರೋಗ ತಜ್ಞರನ್ನು ಬಿಟ್ಟು ಇವರನ್ನೇಕೆ ಕರೆದಿರಿ ಎಂದು ಸಂಘದ ಸದಸ್ಯರೊಬ್ಬರು ನನ್ನನ್ನು ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ. ಹೃದಯಕ್ಕೆ ಪೆಟ್ಟು ಬಿದ್ದ ಮೇಲೆ ನಮಗೆ ತಜ್ಞರು ಬೇಕು, ಅವರು ಹಾಸನದಲ್ಲೂ ಮೈಸೂರಿನಲ್ಲೂ ಇದ್ದಾರೆ. ಆದರೆ ಅದಕ್ಕೆ ಹತ್ತಿಪ್ಪತ್ತು ವರ್ಷ ಮೊದಲೇ ಸದ್ದಿಲ್ಲದೆ ಏರುವ ಒತ್ತಡವನ್ನೂ ಸಕ್ಕರೆಯನ್ನೂ ಹಿಡಿದು ನಿಲ್ಲಿಸುವವರು, ನಮ್ಮ ಊಟ, ನಿದ್ದೆ, ನಡಿಗೆ ಬಲ್ಲ ಇಂಥ ವೈದ್ಯರು. ಮೂವತ್ತು ದಾಟಿದವರೆಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಒತ್ತಡ ಮತ್ತು ಸಕ್ಕರೆಯ ತಪಾಸಣೆ ಉಚಿತವಾಗಿ ಆಗುತ್ತದೆ; ನಮ್ಮಲ್ಲಿ ಎಷ್ಟು ಮಂದಿ ಹೋಗಿದ್ದೇವೆ? ಕಳೆದ ವರ್ಷ ಸಾವಿರಾರು ರೂಪಾಯಿ ಕೊಟ್ಟು ಪರೀಕ್ಷೆ ಮಾಡಿಸಿಕೊಂಡ ನಾನು, ಮನೆಯಿಂದ ಹತ್ತು ನಿಮಿಷ ದೂರದ ಕೇಂದ್ರದ ಬಾಗಿಲು ನೋಡಿದ್ದು ಅವರು ಹೇಳಿದ ಮೇಲೆಯೇ.

ಎರಡು ಸೂಚನೆಗಳಿವೆ. ಸಭಾಂಗಣದ ಹಿಂಬದಿಯ ಮೇಜಿನ ಬಳಿ ಶುಶ್ರೂಷಕಿಯೊಬ್ಬರು ಬಿ.ಪಿ. ನೋಡಲು ಕುಳಿತಿದ್ದಾರೆ, ಉಪನ್ಯಾಸ ಮುಗಿದ ಮೇಲೆ ಹೋಗಿ. ಈಗಷ್ಟೇ ಕಾಫಿ ಕುಡಿದವರು ಅರ್ಧ ಗಂಟೆ ಬಿಟ್ಟು ಹೋಗಬೇಕಂತೆ, ಆದ್ದರಿಂದ ಕಾಫಿಯ ವ್ಯವಸ್ಥೆಯನ್ನು ಕೊನೆಗೆ ಇಟ್ಟಿದ್ದೇವೆ, ಬೇಸರಿಸಬೇಡಿ. ಎದ್ದು ನಿಂತು ಕೇಳಲು ಸಂಕೋಚವಾಗುವ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಿ, ಹೆಸರು ಬೇಕಾಗಿಲ್ಲ. ಒಂದು ವಿನಂತಿ: ಪಕ್ಕದ ಮನೆಯವರ ಕಾಯಿಲೆಯನ್ನು ಕೇಳುವ ನೆಪದಲ್ಲಿ ಅವರ ಗುಟ್ಟು ಹೊರಹಾಕಬೇಡಿ.

ಡಾ. ವಸುಂಧರಾ ಅವರೇ, ನಿಮ್ಮ ಭಾನುವಾರವನ್ನು ನಮಗೆ ಕೊಟ್ಟಿದ್ದೀರಿ. ಶಾಲು, ಹಾರ ಬೇಡ ಎಂಬ ನಿಮ್ಮ ಮಾತನ್ನೂ ನಡೆಸಿಕೊಟ್ಟಿದ್ದೇವೆ. ಸಂಘದ ಪರವಾಗಿ ನಿಮ್ಮನ್ನು ಆದರದಿಂದ ಸ್ವಾಗತಿಸಿ ಮೈಕನ್ನು ನಿಮಗೆ ಒಪ್ಪಿಸುತ್ತಿದ್ದೇನೆ. ದಯವಿಟ್ಟು ಬನ್ನಿ.